ಮಗ ಗೇಮ್‌ಗೆ ಸುರಿದ ದುಡ್ಡು: ಎಲ್ಲಿಗೆ ಹೋಯಿತು, ಎಷ್ಟು ವಾಪಸ್ ಕೇಳಬಹುದು

ಕಾಫಿ ಮಾರಿದ ದುಡ್ಡು ಖಾತೆಗೆ ಬಿದ್ದಿರುತ್ತದೆ. ಶನಿವಾರದ ಬಟವಾಡೆಗೆಂದು ತೆಗೆಯಲು ಹೋದರೆ ಲೆಕ್ಕಕ್ಕಿಂತ ಐವತ್ತು ಅರವತ್ತು ಸಾವಿರ ಕಡಿಮೆ. ಸ್ಟೇಟ್‌ಮೆಂಟ್ ತೆಗೆಸಿ ನೋಡಿದರೆ 79, 399, 1,499 ಎಂದು ಸಾಲುಸಾಲು ಕಡಿತ. ಆಗ ಗೊತ್ತಾಗುತ್ತದೆ, ಹತ್ತನೇ ತರಗತಿಯ ಅಥವಾ ಪಿಯುಸಿಯ ಮಗ ಅಪ್ಪನ ಫೋನಿನಿಂದ ಗೇಮ್‌ಗೆ ಕಟ್ಟಿದ್ದಾನೆ ಎಂದು.

ಕೊಡಗಿನಲ್ಲಿ ಸೋಮವಾರಪೇಟೆಯಿಂದ ಕುಟ್ಟದವರೆಗೆ ಓದುಗರು ಕೇಳುವ ಪ್ರಶ್ನೆ ಒಂದೇ: ಬ್ಯಾಂಕಿಗೆ ಹೋಗಬೇಕೋ, ಪೊಲೀಸರ ಹತ್ತಿರವೋ, ಗೇಮ್‌ನವರ ಹತ್ತಿರವೋ? ಇದಕ್ಕೆ ಒಂದೇ ಉತ್ತರವಿಲ್ಲ. ಹೊರಗಿನಿಂದ ನೋಡಿದರೆ ಎಲ್ಲವೂ 'ಗೇಮ್ ದುಡ್ಡು'. ಆದರೆ ಅದು ಖಾತೆಯಿಂದ ಹೊರಬಿದ್ದದ್ದು ಮೂರು ನಾಲ್ಕು ದಾರಿಯಲ್ಲಿ. ಒಂದೊಂದು ದಾರಿಗೂ ಕೇಳಬೇಕಾದ ಜಾಗ ಬೇರೆ, ಗಡುವೂ ಬೇರೆ. ತಪ್ಪು ಜಾಗದಲ್ಲಿ ಎರಡು ದಿನ ಅಲೆದರೆ ಸರಿಯಾದ ಜಾಗದ ಗಡುವು ಮುಗಿದಿರುತ್ತದೆ. ಆದ್ದರಿಂದ ಮೊದಲು ಸೋರಿಕೆ ನಿಲ್ಲಿಸಿ, ಆಮೇಲೆ ಲೆಕ್ಕ ಬಿಡಿಸಿ, ಕೊನೆಗೆ ಕೇಳಲು ಹೋಗಿ.

ಕೈಯಲ್ಲಿ ಇರಬೇಕಾದವು: ದುಡ್ಡು ಹೋದ ಫೋನು, ಮಗ ಆಡುವ ಫೋನು, ಕಳೆದ ನಾಲ್ಕು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಒಂದು ನೋಟ್‌ಬುಕ್, ಮತ್ತು ಮಗ.

ಹಂತ 1: ಸೋರಿಕೆ ನಿಲ್ಲಿಸಿ, ಆದರೆ ಏನನ್ನೂ ಅಳಿಸಬೇಡಿ

ಸಿಟ್ಟಿನಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸ ಗೇಮ್ ಡಿಲೀಟ್ ಮಾಡುವುದು ಅಥವಾ ಫೋನನ್ನೇ ಫಾರ್ಮ್ಯಾಟ್ ಮಾಡಿಸುವುದು. ಇದರಿಂದ ನಷ್ಟ ನಿಮಗೇ. ಯಾವ ಆಟದ ಖಾತೆಗೆ ಎಷ್ಟು ಹೋಯಿತು ಎಂಬ ದಾಖಲೆ ಆ ಗೇಮ್‌ನ ಒಳಗೇ ಇರುತ್ತದೆ. ಪಾವತಿ ಆ್ಯಪ್ ತೆಗೆದುಹಾಕುವುದರಿಂದಲೂ ಪ್ರಯೋಜನವಿಲ್ಲ. ಯುಪಿಐ ಪಿನ್ ಆ್ಯಪ್‌ಗೆ ಸೇರಿದ್ದಲ್ಲ, ಬ್ಯಾಂಕ್ ಖಾತೆಗೆ ಸೇರಿದ್ದು. ಅದೇ ಫೋನಿನಲ್ಲಿ ಇನ್ನೊಂದು ಪಾವತಿ ಆ್ಯಪ್ ಇದ್ದರೆ ಅದೇ ಪಿನ್ ಅಲ್ಲೂ ನಡೆಯುತ್ತದೆ. ಹುಡುಗರು ಅಂಥದ್ದೊಂದನ್ನು ಫೋಲ್ಡರ್ ಒಳಗೆ ಅಡಗಿಸಿಟ್ಟಿರುವುದು ಅಪರೂಪವಲ್ಲ.

ಮಾಡಬೇಕಾದದ್ದು ಇಷ್ಟು. ಒಬ್ಬರೇ ಕುಳಿತು ಯುಪಿಐ ಪಿನ್ ಬದಲಿಸಿ. ಹುಟ್ಟಿದ ವರ್ಷ, ಜೀಪಿನ ನಂಬರು, ಮನೆ ಫೋನಿನ ಕೊನೆಯ ನಾಲ್ಕು ಅಂಕಿ ಬೇಡ. ಆಮೇಲೆ ಡೆಬಿಟ್ ಕಾರ್ಡನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ. ಏಕೆಂದರೆ ಪಿನ್ ಮರೆತವರಿಗೆಂದು ಇರುವ ದಾರಿಯಲ್ಲಿ ಕಾರ್ಡಿನ ಕೊನೆಯ ಆರು ಅಂಕಿ, ಅದರ ಅವಧಿ ಮುಗಿಯುವ ತಿಂಗಳು-ವರ್ಷ, ಜೊತೆಗೆ ಫೋನಿಗೆ ಬರುವ ಒಟಿಪಿ ಇದ್ದರೆ ಹೊಸ ಪಿನ್ ಹಾಕಿಬಿಡಬಹುದು. ಫೋನು ಕೈಯಲ್ಲಿರುವ ಹುಡುಗನಿಗೆ ಒಟಿಪಿ ಹೇಗೂ ಸಿಗುತ್ತದೆ. ಕಾರ್ಡಿನ ಒಂದು ಫೋಟೋ ಅವನ ಹತ್ತಿರ ಇದ್ದರೂ ಸಾಕು. ಆಧಾರ್ ಒಟಿಪಿಯಿಂದ ಪಿನ್ ಹಾಕುವ ವ್ಯವಸ್ಥೆಯೂ ಹಲವು ಬ್ಯಾಂಕುಗಳಲ್ಲಿದೆ.

ಎರಡನೆಯದು, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬೆರಳಚ್ಚುಗಳ ಪಟ್ಟಿ ತೆರೆಯಿರಿ. ನೀವು ಎರಡು ಬೆರಳು ಕೊಟ್ಟದ್ದು ನೆನಪಿದ್ದು, ಅಲ್ಲಿ ಮೂರು ನಾಲ್ಕು ಇದ್ದರೆ ಉಳಿದವು ಯಾರವು ಎಂದು ಬೇರೆ ಹೇಳಬೇಕಿಲ್ಲ. ಎಲ್ಲವನ್ನೂ ಅಳಿಸಿ ನಿಮ್ಮದನ್ನು ಹೊಸದಾಗಿ ಕೊಡಿ. ಫೋನ್ ಲಾಕ್ ಸಂಖ್ಯೆಯನ್ನೂ ಬದಲಿಸಿ. ಹೊಸ ಫೋನ್ ತಂದ ದಿನ ಆ್ಯಪ್‌ಗಳನ್ನೆಲ್ಲ ಹಾಕಿಕೊಟ್ಟದ್ದು ಮಗನೇ ಆಗಿದ್ದರೆ ಈ ಕೆಲಸ ಬಿಡಲೇಬೇಡಿ.

ಹಂತ 2: ಮಗನನ್ನು ಕೂರಿಸಿಕೊಳ್ಳಿ

ಬೈಯುವುದಕ್ಕಲ್ಲ, ಮಾಹಿತಿಗೆ. ಅವನು ಯಾವ ಜಿಮೇಲ್‌ನಿಂದ ಆಡುತ್ತಾನೆ, ಅದರ ಪಾಸ್‌ವರ್ಡ್ ಏನು, ಆಟದೊಳಗಿನ ಅವನ ಐಡಿ ಸಂಖ್ಯೆ ಎಷ್ಟು, ದುಡ್ಡು ಯಾರ ಯಾರ ಕೈಗೆ ಹೋಯಿತು, ಇವು ಅವನಿಗೆ ಮಾತ್ರ ಗೊತ್ತು. ಹೊಡೆದರೆ ಬಾಯಿ ಮುಚ್ಚುತ್ತದೆ, ಪ್ಲೇ ಸ್ಟೋರಿನಲ್ಲಿ ಹಣ ವಾಪಸ್ ಕೇಳಲು ಇರುವ 48 ಗಂಟೆಯ ಗಡುವು ಹಾಗೇ ಕಳೆಯುತ್ತದೆ. "ಎಷ್ಟು ಹೋಯಿತು ಅಂತ ನಂಗೆ ಗೊತ್ತಾಗಿದೆ. ಎಲ್ಲಿಗೆ ಹೋಯಿತು ಅಂತ ಇಬ್ಬರೂ ಕೂತು ಬರೆಯೋಣ" ಎಂದು ಶುರು ಮಾಡಿದರೆ ಕೆಲಸ ಬೇಗ ಆಗುತ್ತದೆ. ಒಂದು ಮಾತನ್ನು ಮುಂಚೆಯೇ ಹೇಳಿಬಿಡಿ: ಹಣ ವಾಪಸ್ ಬಂದರೆ ಆಟದ ವಜ್ರ, ಯುಸಿ ಎಂಬ ಆಟದ ನಾಣ್ಯ, ಉಡುಪು, ಬಂದೂಕಿನ ಬಣ್ಣ ಎಲ್ಲ ಹೋಗಬಹುದು, ಐಡಿಯನ್ನೇ ನಿರ್ಬಂಧಿಸಲೂಬಹುದು. ಇದು ಕೊನೆಯಲ್ಲಿ ಗೊತ್ತಾದರೆ ಅವನು ನಡುವೆ ಪಾಸ್‌ವರ್ಡ್ ಬದಲಿಸುವ ಸಾಧ್ಯತೆ ಇದೆ.

ನಮ್ಮ ಜಿಲ್ಲೆಗೆ ಬೇಕಾದ ಒಂದು ಎಚ್ಚರಿಕೆ. ಸಿಕ್ಕಿಬಿದ್ದ ಮೊದಲ ರಾತ್ರಿ ಹದಿಹರೆಯದ ಹುಡುಗನಿಗೆ ಅವಮಾನ, ಹೆದರಿಕೆ ಎರಡೂ ವಿಪರೀತ ಇರುತ್ತವೆ. ಮನೆಯಲ್ಲಿ ಕೋವಿ ಇದ್ದರೆ ಅದಕ್ಕೂ ತೋಟೆಗಳಿಗೂ ಬೇರೆ ಬೇರೆ ಬೀಗ ಹಾಕಿ, ಕೀ ನಿಮ್ಮ ಬಳಿ ಇರಲಿ. ತೋಟದ ಔಷಧಿ ಇಡುವ ಶೆಡ್ಡಿಗೂ ಬೀಗ ಬೀಳಲಿ. ನೆಂಟರ ಮುಂದೆ, ಕೆಲಸದವರ ಮುಂದೆ ಈ ವಿಷಯ ಎತ್ತಬೇಡಿ. ಅವನು ಊಟ ಬಿಟ್ಟು ಕೋಣೆ ಸೇರಿದರೆ, 'ನಾನು ಇರಲೇಬಾರದಿತ್ತು' ಎಂಬಂಥ ಮಾತಾಡಿದರೆ ಒಬ್ಬನನ್ನೇ ಬಿಡಬೇಡಿ. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಅದು ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಹಂತ 3: ಲೆಕ್ಕ ಬಿಡಿಸುವುದು

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುವ ಹಂತ ಇದು. ಅರ್ಧ ದಿನ ಇಟ್ಟುಕೊಳ್ಳಿ.

ಪಾವತಿ ಆ್ಯಪ್‌ನ ಇತಿಹಾಸವನ್ನಲ್ಲ, ಬ್ಯಾಂಕಿನ ಸ್ಟೇಟ್‌ಮೆಂಟನ್ನೇ ಮೂಲವಾಗಿ ಇಟ್ಟುಕೊಳ್ಳಿ. ಒಂದು ಆ್ಯಪ್ ತನ್ನ ಮೂಲಕ ಹೋದದ್ದನ್ನು ಮಾತ್ರ ತೋರಿಸುತ್ತದೆ, ಬ್ಯಾಂಕು ಎಲ್ಲವನ್ನೂ ತೋರಿಸುತ್ತದೆ. ಎಸ್ಸೆಮ್ಮೆಸ್‌ಗಳನ್ನು ನಂಬಿಕೊಳ್ಳಬೇಡಿ. ಸಣ್ಣ ಮೊತ್ತಕ್ಕೆ ಕೆಲವು ಬ್ಯಾಂಕುಗಳು ಸಂದೇಶವನ್ನೇ ಕಳಿಸುವುದಿಲ್ಲ, ಬಂದವನ್ನು ಮಗ ಅಳಿಸಿರುತ್ತಾನೆ, ಅಥವಾ ಬ್ಯಾಂಕಿನ ಹೆಸರನ್ನು ಬ್ಲಾಕ್ ಪಟ್ಟಿಗೆ ಸೇರಿಸಿರುತ್ತಾನೆ. ಮೆಸೇಜ್ ಆ್ಯಪ್‌ನ ಸ್ಪ್ಯಾಮ್ ಮತ್ತು ಬ್ಲಾಕ್ ಪಟ್ಟಿಯನ್ನು ಈಗಲೇ ಒಮ್ಮೆ ನೋಡಿಬಿಡಿ.

ಸ್ಟೇಟ್‌ಮೆಂಟಿನಲ್ಲಿ ಯುಪಿಐ ಸಾಲೊಂದು ಸಾಮಾನ್ಯವಾಗಿ ಹೀಗಿರುತ್ತದೆ: UPI ಎಂಬ ಪದ, DR ಅಂದರೆ ಹೊರಹೋದದ್ದು, ಹನ್ನೆರಡು ಅಂಕಿಯ ಒಂದು ಸಂಖ್ಯೆ, ಆಮೇಲೆ ಹಣ ಪಡೆದವರ ಹೆಸರು. ಆ ಹನ್ನೆರಡು ಅಂಕಿಯೇ ವ್ಯವಹಾರದ ಗುರುತು. ಎಲ್ಲಿ ದೂರು ಕೊಟ್ಟರೂ ಮೊದಲು ಕೇಳುವುದು ಅದನ್ನೇ. ಕಡಿತವಾಗಿ ಮತ್ತೆ ಜಮೆಯಾದ ಸಾಲುಗಳಿದ್ದರೆ, ಅವು ವಿಫಲವಾದ ಪಾವತಿಗಳು, ಎರಡನ್ನೂ ಹೊಡೆದುಹಾಕಿ.

ಉಳಿದವನ್ನು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಮಾಡಿ ಹಂಚಿ. ಮೊದಲನೆಯದು ಪ್ಲೇ ಸ್ಟೋರ್ ಮೂಲಕ ನೇರವಾಗಿ ಕಟ್ಟಿದ್ದು, ಹೆಸರಿನಲ್ಲಿ ಗೂಗಲ್ ಪ್ಲೇ ಎಂಬುದು ಕಾಣುತ್ತದೆ. ಎರಡನೆಯದು ಆಟದ ವಜ್ರ, ನಾಣ್ಯ ಮಾರುವ ಟಾಪ್-ಅಪ್ ಜಾಲತಾಣಗಳಿಗೆ ಕಟ್ಟಿದ್ದು ಮತ್ತು ಗೂಗಲ್ ಪ್ಲೇ ಗಿಫ್ಟ್ ಕೋಡ್ ಕೊಂಡದ್ದು. ಗಿಫ್ಟ್ ಕೋಡ್ ಅಂದರೆ ಪಾವತಿ ಆ್ಯಪ್‌ನಲ್ಲಿ ರೀಚಾರ್ಜ್ ಮಾಡಿಸಿದ ಹಾಗೆ ಕೊಳ್ಳುವ ಒಂದು ಸಂಕೇತ. ಅದನ್ನು ಪ್ಲೇ ಸ್ಟೋರಿನಲ್ಲಿ ಹಾಕಿದರೆ ಅಷ್ಟು ಮೊತ್ತ ಅಲ್ಲಿ ಬ್ಯಾಲೆನ್ಸ್ ಆಗಿ ಕೂರುತ್ತದೆ. ಮೂರನೆಯದು ವ್ಯಕ್ತಿಗಳ ಹೆಸರಿಗೆ ಹೋದದ್ದು. ನಾಲ್ಕನೆಯದು ಯುಪಿಐ ಲೈಟ್.

ಈ ನಾಲ್ಕನೆಯದೇ ಹೆಚ್ಚಿನವರ ಕಣ್ಣು ತಪ್ಪುವುದು. ಯುಪಿಐ ಲೈಟ್ ಎಂದರೆ ಆ್ಯಪ್ ಒಳಗಿನ ಒಂದು ಪುಟ್ಟ ಚೀಲ. ಅದಕ್ಕೆ ಹಣ ತುಂಬುವಾಗ ಮಾತ್ರ ಪಿನ್ ಬೇಕು. ಆಮೇಲೆ ಒಮ್ಮೆಗೆ ₹1,000ವರೆಗೆ ಪಿನ್ ಇಲ್ಲದೆ ಕಟ್ಟಬಹುದು. ಚೀಲದಲ್ಲಿ ₹5,000ವರೆಗೆ ಇಡಬಹುದು. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಕಾಣುವುದು ಚೀಲ ತುಂಬಿದ ಸಾಲು ಮಾತ್ರ, ಅದರೊಳಗಿಂದ ಎಲ್ಲಿಗೆ ಹೋಯಿತೆಂಬುದು ಆ್ಯಪ್‌ನಲ್ಲೇ ಸಿಗಬೇಕು. ಆದ್ದರಿಂದ ಲೈಟ್ ಬಂದ್ ಮಾಡುವ ಮೊದಲು ಅದರ ವಿವರದ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ.

ಒಂದು ಲೆಕ್ಕವನ್ನು ಪೂರ್ತಿ ಬಿಡಿಸಿ ನೋಡೋಣ. ಪೊನ್ನಂಪೇಟೆ ಕಡೆಯ ಒಂದು ತೋಟದ ಮನೆ ಎಂದಿಟ್ಟುಕೊಳ್ಳಿ. ಹೋಂಸ್ಟೇ ಅತಿಥಿಗಳು ಕಟ್ಟುವುದೂ ಕಾಫಿಯ ದುಡ್ಡು ಬರುವುದೂ ಅಪ್ಪನ ಒಂದೇ ಖಾತೆಗೆ. ದಿನಕ್ಕೆ ಹತ್ತಾರು ಪಾವತಿ ಬಂದು ಹೋಗುವ ಆ ಖಾತೆಯಲ್ಲಿ ₹399 ಯಾರ ಕಣ್ಣಿಗೂ ಬೀಳಲಿಲ್ಲ. ಜನವರಿ 14ರ ಸಂಜೆ ಗೊತ್ತಾದಾಗ ಮೂರು ತಿಂಗಳಲ್ಲಿ ಅನುಮಾನದ ಸಾಲುಗಳ ಮೊತ್ತ ₹61,240. ಹಂಚಿದಾಗ ಬಂದದ್ದು ಹೀಗೆ:

ಪ್ಲೇ ಸ್ಟೋರಿಗೆ ನೇರವಾಗಿ 23 ಸಲ, ಒಟ್ಟು ₹31,460.
ಗಿಫ್ಟ್ ಕೋಡ್ ₹10,000, ಟಾಪ್-ಅಪ್ ತಾಣ ₹4,280.
ವ್ಯಕ್ತಿಗಳಿಗೆ ₹9,500.
ಯುಪಿಐ ಲೈಟ್ ಚೀಲಕ್ಕೆ ₹2,000ದಂತೆ ಮೂರು ಸಲ, ₹6,000.

ಲೈಟ್‌ನ ವಿವರ ತೆರೆದಾಗ ₹1,650 ಮನೆಯವರೇ ಅಂಗಡಿ, ಬೇಕರಿಗೆ ಕೊಟ್ಟದ್ದು ಎಂದು ಗೊತ್ತಾಯಿತು. ಉಳಿದ ₹4,350 ಮಾತ್ರ ₹150ರಂತೆ 29 ಸಲ ಒಬ್ಬ ಗೆಳೆಯನ ನಂಬರಿಗೆ ಹೋಗಿತ್ತು. ಅಲ್ಲಿಗೆ ಗೇಮ್‌ಗೆ ಹೋದ ನಿಜವಾದ ಮೊತ್ತ ₹59,590. ಮಗನ ತಲೆಗೆ ಎಲ್ಲವನ್ನೂ ಕಟ್ಟಿ ಕೂಗಾಡಿದ ಮೇಲೆ ಈ ₹1,650 ಹೊರಬಿದ್ದರೆ, ಆಮೇಲೆ ಅವನು ನಿಮ್ಮ ಯಾವ ಲೆಕ್ಕವನ್ನೂ ಒಪ್ಪುವುದಿಲ್ಲ.

ಈಗ ಪ್ಲೇ ಸ್ಟೋರಿನ ರಸೀದಿಗಳು. ಪ್ರತಿ ಖರೀದಿಗೂ ಜಿಮೇಲ್‌ಗೆ ಒಂದು ರಸೀದಿ ಬರುತ್ತದೆ, ಅದರ ಆರ್ಡರ್ ಸಂಖ್ಯೆ GPA. ಎಂದು ಶುರುವಾಗುತ್ತದೆ. ಯಾವ ಜಿಮೇಲ್ ಎಂಬುದೇ ಮುಖ್ಯ. ಹಣ ನಿಮ್ಮ ಖಾತೆಯದ್ದಾದರೂ ಖರೀದಿ ಮಗನ ಜಿಮೇಲ್‌ನಲ್ಲಿ ನಡೆದಿರಬಹುದು. ಹಾಗಿದ್ದರೆ ರಸೀದಿಯೂ ಅಲ್ಲೇ, ಹಣ ವಾಪಸ್ ಕೇಳಬೇಕಾದದ್ದೂ ಅಲ್ಲಿಂದಲೇ. ಜಿಮೇಲ್‌ನ ಹುಡುಕುವ ಜಾಗದಲ್ಲಿ ಹೀಗೆ ಬರೆಯಿರಿ:

```
in:anywhere from:googleplay-noreply@google.com
```

in:anywhere ಸೇರಿಸಿದರೆ ಕಸದ ಬುಟ್ಟಿಗೆ ಹಾಕಿದವೂ ಸಿಗುತ್ತವೆ. ಅಳಿಸಿದ ಮೇಲ್ ಬುಟ್ಟಿಯಲ್ಲಿ 30 ದಿನ ಉಳಿಯುತ್ತದೆ. ಅದಕ್ಕಿಂತ ಹಳೆಯದಾದರೆ ಪ್ಲೇ ಸ್ಟೋರ್ ತೆರೆದು, ಮೇಲಿನ ಮೂಲೆಯ ಚಿತ್ರ ಒತ್ತಿ, Payments & subscriptions ಒಳಗಿನ Budget & history ನೋಡಿ. ಅಲ್ಲಿ ಖರೀದಿಗಳ ಪಟ್ಟಿ ಇರುತ್ತದೆ.

ನಮ್ಮ ಉದಾಹರಣೆಯ ಮನೆಯಲ್ಲಿ ರಸೀದಿ ಕೂಡಿಸಿದಾಗ ₹40,220 ಬಂತು. ಬ್ಯಾಂಕ್ ಹೇಳುವುದು ₹31,460. ವ್ಯತ್ಯಾಸ ₹8,760. ಇನ್ನೊಂದು ಗುಟ್ಟಿನ ಖಾತೆ ಇದೆಯೇ ಎಂದು ಗಾಬರಿಯಾಗಬೇಕಿಲ್ಲ. ₹10,000ದ ಗಿಫ್ಟ್ ಕೋಡ್‌ಗಳು ಪ್ಲೇ ಬ್ಯಾಲೆನ್ಸ್ ಆಗಿ, ಅದರಲ್ಲಿ ₹8,760ಕ್ಕೆ ಆಟದ ವಸ್ತು ಕೊಂಡಿದ್ದಾನೆ, ₹1,240 ಇನ್ನೂ ಬ್ಯಾಲೆನ್ಸ್‌ನಲ್ಲಿ ಉಳಿದಿದೆ. ಅಂದರೆ ಆ ₹8,760 ಎರಡು ಕಡೆ ಕಾಣುತ್ತದೆ, ಎರಡು ಸಲ ಎಣಿಸಬಾರದು. ಈ ಖರೀದಿಗಳಿಗೆ ಮರುಪಾವತಿ ಸಿಕ್ಕರೂ ಅದು ಬ್ಯಾಂಕಿಗೆ ಬರುವುದಿಲ್ಲ, ಪ್ಲೇ ಬ್ಯಾಲೆನ್ಸ್‌ಗೇ ಹೋಗುತ್ತದೆ. ಹಾಗಾಗಿ ಶ್ರಮ ಹಾಕುವುದಿದ್ದರೆ ಮೊದಲು ಆ ₹31,460ರ ಮೇಲೆ.

ಹಂತ 4: ಪ್ಲೇ ಸ್ಟೋರಿನಲ್ಲಿ ಕೇಳುವುದು

ಖರೀದಿಸಿ 48 ಗಂಟೆ ಆಗಿರದ ಆರ್ಡರ್‌ಗಳನ್ನು ಮೊದಲು ಹಿಡಿಯಿರಿ. ನಮ್ಮ ಉದಾಹರಣೆಯಲ್ಲಿ ಅಂಥವು ₹1,499ರ ಮೂರು, ಒಟ್ಟು ₹4,497. ಖರೀದಿ ನಡೆದ ಜಿಮೇಲ್‌ನಿಂದಲೇ ಲಾಗಿನ್ ಆಗಿ ಬ್ರೌಸರಿನಲ್ಲಿ ಈ ವಿಳಾಸ ತೆರೆಯಿರಿ:

```
play.google.com/store/account/orderhistory
```

ಆರ್ಡರ್ ಪಕ್ಕದ Report a problem ಒತ್ತಿದರೆ ಕಾರಣಗಳ ಪಟ್ಟಿ ಬರುತ್ತದೆ. ಅದರಲ್ಲಿ ಮನೆಯವರು ಅಥವಾ ಗೆಳೆಯರು ಒಪ್ಪಿಗೆ ಇಲ್ಲದೆ ಕೊಂಡದ್ದು ಎಂಬರ್ಥದ ಸಾಲನ್ನು ಆರಿಸಿ. ಉತ್ತರ ಸಾಮಾನ್ಯವಾಗಿ 15 ನಿಮಿಷದಲ್ಲಿ ಬರುತ್ತದೆ, ಹೆಚ್ಚೆಂದರೆ ನಾಲ್ಕು ದಿನ ಹಿಡಿಯುತ್ತದೆ. ಒಂದೊಂದು ಆರ್ಡರ್‌ಗೂ ಬೇರೆ ಬೇರೆ ಅರ್ಜಿ ಹಾಕಬೇಕು, ಬೇಸರವಾದರೂ ದಾರಿ ಇಲ್ಲ. ಮಳೆಗಾಲದಲ್ಲಿ ಕರೆಂಟು ಹೋಗಿ ಟವರ್ ಮಲಗಿದ್ದರೆ ಸಿಗ್ನಲ್ ಬರಲೆಂದು ಕಾಯುತ್ತ ಕೂರಬೇಡಿ. ಗೋಣಿಕೊಪ್ಪವೋ ಕುಶಾಲನಗರವೋ, ನೆಟ್ ಇರುವ ನೆಂಟರ ಮನೆಗೆ ಹೋಗಿಯಾದರೂ ಅಂದೇ ಮುಗಿಸಿ. 48 ಗಂಟೆ ನಿಮ್ಮ ಮಳೆಯನ್ನು ಕಾಯುವುದಿಲ್ಲ.

ಗೂಗಲ್‌ನಲ್ಲಿ ಇನ್ನೊಂದು ಫಾರ್ಮ್ ಇದೆ, ಅನಧಿಕೃತ ಕಡಿತಕ್ಕೆ. ಅದಕ್ಕೆ 120 ದಿನದ ಅವಕಾಶವಿದೆ ಎಂದು ಕೇಳಿ ಹಲವರು ಅದನ್ನೇ ತುಂಬುತ್ತಾರೆ. ಅದು ಗುರುತು ಪರಿಚಯವಿಲ್ಲದವರು ಮಾಡಿದ ಖರೀದಿಗೆ. ಮಗನೇ ಮಾಡಿದ್ದು ಎಂದು ಗೊತ್ತಿದ್ದೂ ಅದನ್ನು ತುಂಬಿದರೆ ಸುಳ್ಳು ಹೇಳಿದಂತೆ. ಅದೇ ಫೋನು, ಅದೇ ಸಿಮ್, ಸರಿಯಾದ ಪಿನ್ ಎಂದು ದಾಖಲೆ ಹೇಳುತ್ತಿರುವಾಗ ಆ ಸುಳ್ಳು ನಿಲ್ಲುವುದೂ ಇಲ್ಲ.

48 ಗಂಟೆ ದಾಟಿದ ಇಪ್ಪತ್ತು ಆರ್ಡರ್, ಅಂದರೆ ₹26,963, ಇದಕ್ಕೆ ಖಾತ್ರಿ ಇಲ್ಲ. ಅರ್ಜಿ ಹಾಕಬಹುದು, ತಿರಸ್ಕಾರವಾದರೆ ಗೇಮ್ ಕಂಪನಿಯನ್ನು ಕೇಳಬೇಕು. ಪಾಸ್‌ವರ್ಡ್ ಹಂಚಿಕೊಂಡಿದ್ದರೆ, ಖರೀದಿಗೆ ದೃಢೀಕರಣ ಇಟ್ಟಿರದಿದ್ದರೆ ಹಣ ಕೊಡುವುದಿಲ್ಲ ಎಂಬುದು ಗೂಗಲ್‌ನ ಸಾಮಾನ್ಯ ನಿಯಮ. ಅದು ಗೊತ್ತಿದ್ದೇ ಕೇಳಿ. ಮನೆಯಲ್ಲಿ ಐಫೋನ್ ಇದ್ದರೆ ಕೇಳಬೇಕಾದ ಜಾಗ reportaproblem.apple.com.

ಹಂತ 5: ಗೇಮ್ ಕಂಪನಿಗೆ ಪತ್ರ

ಆಟದ ಒಳಗಿನ ಸಹಾಯ ವಿಭಾಗದಿಂದ, ಇಲ್ಲವೇ ಪ್ಲೇ ಸ್ಟೋರಿನಲ್ಲಿ ಆ ಗೇಮ್‌ನ ಪುಟದ ಕೆಳಗಿರುವ ಡೆವಲಪರ್ ಇಮೇಲ್‌ಗೆ ಬರೆಯಿರಿ. ಟಾಪ್-ಅಪ್ ತಾಣಕ್ಕೆ ಹೋದ ಹಣವನ್ನೂ ಆ ತಾಣದ ಸಹಾಯ ವಿಭಾಗದಲ್ಲೇ ಕೇಳಬೇಕು, ಗೂಗಲ್‌ಗೆ ಅದರ ಸಂಬಂಧವಿಲ್ಲ. ಇಂಗ್ಲಿಷಿನಲ್ಲಿ ಬರೆದರೆ ಉತ್ತರ ಬೇಗ ಬರುತ್ತದೆ. ಬೇಕಾದ ವಿಷಯ ಇಷ್ಟೇ:

"ಈ ಆಟದ ಐಡಿಯನ್ನು ಬಳಸುವವನು 16 ವರ್ಷದ ನನ್ನ ಮಗ. ಅಕ್ಟೋಬರ್ 20ರಿಂದ ಜನವರಿ 12ರವರೆಗೆ ನನ್ನ ಒಪ್ಪಿಗೆ ಇಲ್ಲದೆ ನನ್ನ ಖಾತೆಯಿಂದ ಈ ಕೆಳಗಿನ 20 ಖರೀದಿಗಳು ನಡೆದಿವೆ. ಆರ್ಡರ್ ಸಂಖ್ಯೆ, ದಿನಾಂಕ, ಮೊತ್ತದ ಪಟ್ಟಿ ಲಗತ್ತಿಸಿದ್ದೇನೆ. ವಯಸ್ಸಿನ ದಾಖಲೆಯಾಗಿ ಶಾಲೆಯ ಗುರುತಿನ ಚೀಟಿ ಲಗತ್ತಿಸಿದ್ದೇನೆ. ಮೊತ್ತವನ್ನು ಹಿಂತಿರುಗಿಸಿ, ಈ ಐಡಿಯಲ್ಲಿ ಮುಂದೆ ಖರೀದಿ ನಡೆಯದಂತೆ ತಡೆಯಬೇಕೆಂದು ಕೋರುತ್ತೇನೆ."

1872ರ ಭಾರತೀಯ ಕರಾರು ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪ್ರಾಪ್ತರು ಕರಾರು ಮಾಡಲು ಅರ್ಹರಲ್ಲ. ಇದನ್ನು ಒಂದು ಸಾಲಿನಲ್ಲಿ ಉಲ್ಲೇಖಿಸಿ. ಆದರೆ ಇದೊಂದೇ ಸಾಲಿಗೆ ಹಣ ಉರುಳಿ ಬರುತ್ತದೆಂದು ನಂಬಬೇಡಿ. ಖಾತೆ ತೆರೆಯುವಾಗ ಮಗ 18 ದಾಟಿದೆ ಎಂದು ಹಾಕಿರುತ್ತಾನೆ, ಪಾವತಿಯ ಖಾತೆ ದೊಡ್ಡವರದ್ದು, ಆದ್ದರಿಂದ ತಮಗೆ ತಿಳಿಯಲು ದಾರಿ ಇರಲಿಲ್ಲ ಎನ್ನುತ್ತದೆ ಕಂಪನಿ. ವಯಸ್ಸು ಸರಿಯಾಗಿ ಹಾಕಿದ್ದ ಖಾತೆಯಾದರೆ ನಿಮ್ಮ ಮಾತಿಗೆ ಹೆಚ್ಚು ತೂಕ. ಕೆಲವು ಗೇಮ್‌ಗಳಲ್ಲಿ ಅಪ್ರಾಪ್ತರಿಗೆ ದಿನದ ಖರ್ಚಿನ ಮಿತಿ ಇದೆ. ಬಿಜಿಎಂಐಯಲ್ಲಿ ಅದು ₹7,000. ಮಗನ ಖಾತೆಯಲ್ಲಿ ಸರಿಯಾದ ವಯಸ್ಸಿದ್ದೂ ಆ ಮಿತಿ ಮೀರಿದ ದಿನಗಳಿದ್ದರೆ ಅವನ್ನು ಬೇರೆ ಗುರುತಿಸಿ ತೋರಿಸಿ.

ಕಂಪನಿ ಉತ್ತರಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಬಹುದು. ಪತ್ರದ ಪ್ರತಿ ಇಟ್ಟುಕೊಂಡಿರಿ.

ಬ್ಯಾಂಕಿನ ವಿಷಯ ಇಲ್ಲೇ ಹೇಳಿಬಿಡಬೇಕು. ಸರಿಯಾದ ಪಿನ್ ಹಾಕಿ ಮನೆಯ ಫೋನಿನಿಂದಲೇ ಹೋದ ಹಣವನ್ನು ಬ್ಯಾಂಕು ವಂಚನೆ ಎಂದು ಸಾಮಾನ್ಯವಾಗಿ ಪರಿಗಣಿಸುವುದಿಲ್ಲ. ಶಾಖೆಯಲ್ಲಿ ವಾದ ಮಾಡಿ ಫಲವಿಲ್ಲ. ಬ್ಯಾಂಕಿನಿಂದ ಕೇಳಬೇಕಾದದ್ದು ಮೂರೇ: ವಿವರವಾದ ಸ್ಟೇಟ್‌ಮೆಂಟು, ಯುಪಿಐ ದಿನದ ಮಿತಿ ಇಳಿಸುವುದು, ತಾನೇ ಹಣ ಕಡಿತವಾಗುವಂತೆ ಚಾಲ್ತಿಯಲ್ಲಿರುವ ಆಟೋಪೇ ಆದೇಶಗಳ ಪಟ್ಟಿ. ಹಣ ಕಡಿತವಾಗಿ ಆಟದಲ್ಲಿ ವಜ್ರ ಬಂದೇ ಇಲ್ಲದ ಸಾಲುಗಳಿದ್ದರೆ ಅದು ಬೇರೆ ವಿಷಯ. ಅಂಥವಕ್ಕೆ ಪಾವತಿ ಆ್ಯಪ್‌ನಲ್ಲೇ ಆ ವ್ಯವಹಾರ ತೆರೆದು ದೂರು ಹಾಕಿ.

ಹಂತ 6: ವ್ಯಕ್ತಿಗಳ ಹೆಸರಿಗೆ ಹೋದದ್ದು

ಪಟ್ಟಿಯ ಮೂರನೇ ಕಾಲಂ ಚಿಕ್ಕದಿರಬಹುದು, ಆದರೆ ಅಪಾಯ ಇರುವುದು ಇಲ್ಲಿಯೇ. ಉದಾಹರಣೆಯ ₹9,500ರಲ್ಲಿ ₹3,500 ಸಹಪಾಠಿಯೊಬ್ಬನಿಗೆ ಎರಡು ಸಲ ಹೋದದ್ದು. ಅವನ ಬಳಿ ಟಾಪ್-ಅಪ್ ಮಾಡಿಸಿಕೊಂಡಿದ್ದಾನೆ. ₹150ರ 29 ಪಾವತಿಗಳ ಗೆಳೆಯನೂ ಇದೇ ಬಗೆ. ಇದನ್ನು ಆ ಮಕ್ಕಳ ಹೆತ್ತವರ ಜೊತೆ ಕುಳಿತು ಮಾತಾಡಿ ಮುಗಿಸಿ, ಠಾಣೆಯವರೆಗೆ ಒಯ್ಯಬೇಡಿ. ಅವರ ಮನೆಯಲ್ಲೂ ಇದೇ ಕಥೆ ನಡೆಯುತ್ತಿರಬಹುದು.

ಉಳಿದ ₹6,000 ಒಂದೇ ಸಲ ಅಪರಿಚಿತ ಹೆಸರಿಗೆ ಹೋಗಿದೆ. ಆಟದಲ್ಲಿ ಮೇಲಿನ ಹಂತ ತಲುಪಿದ ಐಡಿಯನ್ನು ಮಾರುತ್ತೇನೆಂದು ಟೆಲಿಗ್ರಾಂನಲ್ಲೋ ಇನ್‌ಸ್ಟಾಗ್ರಾಂನಲ್ಲೋ ಒಬ್ಬ ಸಿಕ್ಕಿದ್ದಾನೆ, ಹಣ ಪಡೆದು ಬ್ಲಾಕ್ ಮಾಡಿದ್ದಾನೆ. ಇದು ವಂಚನೆ. 1930ಕ್ಕೆ ಕರೆ ಮಾಡಿ, ಇಲ್ಲವೇ cybercrime.gov.in ನಲ್ಲಿ ದೂರು ದಾಖಲಿಸಿ. ಹನ್ನೆರಡು ಅಂಕಿಯ ಸಂಖ್ಯೆ, ಚಾಟ್‌ನ ಸ್ಕ್ರೀನ್‌ಶಾಟ್, ಅವನ ಯುಪಿಐ ಐಡಿ ಬೇಕು. ಹಣ ಆ ಖಾತೆಯಿಂದ ಮುಂದೆ ಜಾರುವ ಮೊದಲು ದೂರು ಮುಟ್ಟಿದರೆ ತಡೆಹಿಡಿಯುವ ಅವಕಾಶ ಹೆಚ್ಚು, ಹಾಗಾಗಿ ಇದನ್ನು ಗೊತ್ತಾದ ದಿನವೇ ಮಾಡಿ. ಮುಖಾಮುಖಿ ಹೋಗಬೇಕೆಂದರೆ ಮಡಿಕೇರಿಯಲ್ಲಿ ಸಿಇಎನ್ ಠಾಣೆ ಇದೆ. ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳನ್ನು ನೋಡುವ ಠಾಣೆ ಅದು.

ಒಂದೇ ಹೆಸರಿಗೆ ₹500, ₹1,000, ₹2,500 ಎಂದು ಏರುತ್ತ ಹೋಗಿದ್ದರೆ ಬೇರೆಯೇ ಅನುಮಾನ ಪಡಬೇಕು. ಆಟದಲ್ಲಿ ಪರಿಚಯವಾದ ದೊಡ್ಡವನೊಬ್ಬ ಫೋಟೋ ಅಥವಾ ಚಾಟ್ ಇಟ್ಟುಕೊಂಡು ಹೆದರಿಸುತ್ತಿರಬಹುದು. ಇದನ್ನು ಮಗನ ಬಾಯಿಂದ ಹೊರಡಿಸುವುದು ಕಷ್ಟ, ಆದರೆ ಏರುವ ಮೊತ್ತವೇ ಸುಳಿವು. ಇಲ್ಲಿ ಮಗ ತಪ್ಪಿತಸ್ಥನಲ್ಲ, ಸಿಕ್ಕಿಬಿದ್ದವನು.

ಪ್ರತಿ ಸಲವೂ ಬೇರೆ ಬೇರೆ, ಕೇಳರಿಯದ ಹೆಸರುಗಳಿಗೆ ₹500, ₹1,000ದಂಥ ದುಂಡು ಮೊತ್ತ ಹೋಗಿದ್ದು, ನಡುವೆ ಆಗಾಗ ಸ್ವಲ್ಪ ಹಣ ವಾಪಸ್ ಬಂದಿದ್ದರೆ ಅದು ಗೇಮ್ ಅಲ್ಲ, ಜೂಜು. ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ನಡೆಸುವುದನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿದೆ. ಅದರಲ್ಲಿ ಶಿಕ್ಷೆ ಇರುವುದು ನಡೆಸುವವರಿಗೆ, ಜಾಹೀರಾತು ಮಾಡುವವರಿಗೆ, ಹಣ ಸಾಗಿಸುವವರಿಗೆ, ಆಡಿದವರಿಗಲ್ಲ. ಆದ್ದರಿಂದ ಹೆದರದೆ ದೂರು ಕೊಡಿ. 'ಗೆದ್ದ ಹಣ ಬಿಡಿಸಿಕೊಳ್ಳಲು ಮೊದಲು ತೆರಿಗೆ ಕಟ್ಟಿ' ಎಂದು ಅವರು ಕೇಳುವ ಮೊತ್ತವನ್ನು ಮಾತ್ರ ಕಟ್ಟಬೇಡಿ.

ಹಣ ವಾಪಸ್ ಕೊಡಿಸುತ್ತೇವೆ ಎನ್ನುವ ದಲ್ಲಾಳಿಗಳೂ ಇದೇ ಹೊತ್ತಿಗೆ ಸಿಗುತ್ತಾರೆ. ಇಂಟರ್ನೆಟ್ಟಿನಲ್ಲಿ ಹುಡುಕಿ ಸಿಕ್ಕ ಕಸ್ಟಮರ್ ಕೇರ್ ನಂಬರಿನವರು ಸ್ಕ್ರೀನ್ ಹಂಚುವ ಆ್ಯಪ್ ಹಾಕಿಸಿಕೊಂಡು ಉಳಿದದ್ದನ್ನೂ ಎತ್ತುತ್ತಾರೆ. ಮೇಲೆ ಹೇಳಿದ ದಾರಿಗಳಲ್ಲಿ ಒಂದಕ್ಕೂ ಒಟಿಪಿಯಾಗಲಿ ಪಿನ್ ಆಗಲಿ ಇನ್ನೊಬ್ಬರಿಗೆ ಹೇಳುವ ಅಗತ್ಯವಿಲ್ಲ.

ಹಂತ 7: ಮತ್ತೆ ಸೋರದಂತೆ

ಎಲ್ಲಕ್ಕಿಂತ ಗಟ್ಟಿಯಾದ ಬೀಗ ಯಾವ ಆ್ಯಪ್‌ನಲ್ಲೂ ಇಲ್ಲ, ಎರಡನೇ ಖಾತೆಯಲ್ಲಿದೆ. ಕಾಫಿ, ಕರಿಮೆಣಸಿನ ದುಡ್ಡು ಬೀಳುವ ಖಾತೆಯನ್ನು ಎಲ್ಲ ಯುಪಿಐ ಆ್ಯಪ್‌ಗಳಿಂದ ತೆಗೆದುಬಿಡಿ. ಯುಪಿಐಗೆ ಒಂದು ಚಿಕ್ಕ ಖಾತೆ ಇಟ್ಟುಕೊಂಡು ಅದಕ್ಕೆ ವಾರದ ಖರ್ಚಿಗಾಗುವಷ್ಟು ಹಾಕಿ. ಆಗ ಪಿನ್ ಮತ್ತೆ ಸಿಕ್ಕರೂ ಹೋಗುವುದು ಅಷ್ಟೇ. ದೊಡ್ಡ ಖಾತೆಯ ಮೊಬೈಲ್ ನಂಬರು ಅದೇ ಆಗಿದ್ದರೆ ಕಾರ್ಡ್ ಹಿಡಿದು ಮತ್ತೆ ಜೋಡಿಸಿಬಿಡಬಹುದು, ಆದ್ದರಿಂದ ಮೊದಲ ಹಂತದ ಬೀರು ಬೀಗ ಹಾಗೇ ಇರಲಿ. ಹೋಂಸ್ಟೇಯ ಕ್ಯೂಆರ್‌ಗೂ ಬೇರೆ ಖಾತೆ ಇದ್ದರೆ ಅತಿಥಿಗಳ ಹಣದ ಗದ್ದಲದಲ್ಲಿ ₹399 ಮರೆಯಾಗುವುದಿಲ್ಲ.

ಯುಪಿಐ ಲೈಟ್ ಬಂದ್ ಮಾಡಿ, ಅದರಲ್ಲಿ ಉಳಿದ ಹಣ ಖಾತೆಗೆ ವಾಪಸ್ ಬರುತ್ತದೆ. ಆ್ಯಪ್‌ನ ಆಟೋಪೇ ಪಟ್ಟಿ ತೆರೆದು ಗುರುತಿಲ್ಲದ್ದನ್ನು ರದ್ದು ಮಾಡಿ. ಆಟೋಪೇ ಎಂದರೆ ಒಮ್ಮೆ ಪಿನ್ ಹಾಕಿ ಒಪ್ಪಿದ ಮೇಲೆ ತಿಂಗಳು ತಿಂಗಳು ತಾನೇ ಕಡಿತವಾಗುವ ಆದೇಶ. ₹15,000ವರೆಗಿನ ಕಂತಿಗೆ ಮತ್ತೆ ಪಿನ್ ಕೇಳುವುದಿಲ್ಲ. ಗೇಮ್ ತೆಗೆದುಹಾಕಿದರೆ ಇದು ನಿಲ್ಲುವುದಿಲ್ಲ. ಪ್ಲೇ ಸ್ಟೋರಿನ Subscriptions ನಲ್ಲೂ ನೋಡಿ ರದ್ದು ಮಾಡಬೇಕು.

ಪ್ಲೇ ಸ್ಟೋರಿನ ಸೆಟ್ಟಿಂಗ್ಸ್‌ನಲ್ಲಿ Purchase verification ಇದೆ. ಪ್ರತಿ ಖರೀದಿಗೂ ದೃಢೀಕರಣ ಕೇಳುವಂತೆ ಇಡಿ, ಗೂಗಲ್ ಪಾಸ್‌ವರ್ಡನ್ನೂ ಬದಲಿಸಿ. ಇದು ಟಾಪ್-ಅಪ್ ತಾಣಗಳನ್ನು ತಡೆಯುವುದಿಲ್ಲ, ಅವು ಪ್ಲೇ ಸ್ಟೋರಿನ ಹೊರಗಿವೆ. ಮಕ್ಕಳ ಫೋನಿನ ಮೇಲೆ ಹೆತ್ತವರು ಹಿಡಿತ ಇಡಲೆಂದು ಗೂಗಲ್ ಕೊಡುವ ಫ್ಯಾಮಿಲಿ ಲಿಂಕ್ ಆ್ಯಪ್‌ನ ಖರೀದಿ ಒಪ್ಪಿಗೆಗೂ ಇದೇ ಮಿತಿ.

ಮರುಪಾವತಿಯ ಅರ್ಜಿಗಳೆಲ್ಲ ಇತ್ಯರ್ಥವಾಗುವವರೆಗೆ ಆ ಜಿಮೇಲ್, ಆ ಆಟದ ಐಡಿ ಎರಡನ್ನೂ ಅಳಿಸದೆ ಇಟ್ಟಿರಿ. ಹದಿನೈದು ದಿನಕ್ಕೊಮ್ಮೆ ಪಾಸ್‌ಬುಕ್ ಎಂಟ್ರಿ ಹಾಕಿಸಿ, ಸಾಲುಗಳನ್ನು ಓದಿ. ಆಟ ಬಿಡಿಸಲು ಹೋದರೆ ನಿದ್ದೆ ಕೆಡುವುದು, ಕೈಗೆ ಸಿಕ್ಕದ್ದನ್ನು ಎಸೆಯುವುದು, ಕಾಲೇಜು ತಪ್ಪಿಸುವುದು ಎರಡು ಮೂರು ವಾರವಾದರೂ ತಗ್ಗದಿದ್ದರೆ ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಕರೆದುಕೊಂಡು ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್ ಮತ್ತು ಗೇಮ್ ಚಟಕ್ಕೆಂದೇ 'ಶಟ್' ಎಂಬ ಕ್ಲಿನಿಕ್ ಇದೆ. ಹೋಗುವಾಗ ಮೂರನೇ ಹಂತದ ಆ ನೋಟ್‌ಬುಕ್ ತೆಗೆದುಕೊಂಡು ಹೋಗಿ. ಯಾವ ದಿನ, ರಾತ್ರಿ ಎಷ್ಟು ಗಂಟೆಗೆ, ಎಷ್ಟು ಸಲ ಎಂಬುದನ್ನು ವೈದ್ಯರು ಕೇಳುತ್ತಾರೆ. ಪಾವತಿ ಆ್ಯಪ್‌ನಲ್ಲಿ ಪ್ರತಿ ವ್ಯವಹಾರದ ಗಂಟೆ ನಿಮಿಷವೂ ಇರುತ್ತದೆ, ಅದನ್ನು ಪಕ್ಕದಲ್ಲೇ ಬರೆದಿಟ್ಟಿರಿ.